‘ಆಕಿ ಬಿಟ್ಟು ಹೋಗ್ತಾಳೇನ್ರಿ?’: ಒಂದು ಟ್ಯಾರೋ ಉತ್ತರ ಬರೆದ ಬಗೆ

ರಾಯಚೂರಿನಲ್ಲಿ ಕೂತು ಟ್ಯಾರೋ ನೋಡುತ್ತೇನೆ, ಅಂದರೆ ಚಿತ್ರದ ಕಾರ್ಡು ಎಳೆದು, ಬಿದ್ದ ಚಿತ್ರದಿಂದ ಜನರ ಪ್ರಶ್ನೆಗೆ ಉತ್ತರ ಓದುತ್ತೇನೆ. ಎದುರಿಗೆ ಬರುವವರಿಗಿಂತ ಬರೆದು ಕಳಿಸಿ ಅನ್ನುವವರೇ ಈಗ ಜಾಸ್ತಿ. ಸಿಂಧನೂರು ಕಡೆಯ ಒಬ್ಬ ಭತ್ತದ ರೈತರಿಗೆ ಬರೆದುಕೊಟ್ಟದ್ದನ್ನು, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ, ಹೇಳುತ್ತೇನೆ.

ಅವರ ಮೆಸೇಜು ಹೀಗಿತ್ತು: “ಅಕ್ಕಾರ, ಹೆಂಡ್ತಿ ಮೊದಲಿನಂಗ ಮಾತಾಡವಲ್ಲಳು. ಪಂಚಮಿಗೆ ತವರಿಗೆ ಹೋದಾಕಿ ಲೇಟಾಗಿ ಬಂದಳು. ಮಕ್ಕಳ ಕೋಣ್ಯಾಗ ಮಲಗ್ತಾಳ. ಆಕಿ ಬಿಟ್ಟು ಹೋಗ್ತಾಳೇನ್ರಿ?”

ಈ ಪ್ರಶ್ನೆಗೆ ನಾನು ಕಾರ್ಡು ಎಳೆಯುವುದಿಲ್ಲ. ಕೇಳುತ್ತಿರುವವರು ಅವರು, ಮನಸ್ಸು ಆಕೆಯದು. ಆಕೆ ಇಲ್ಲದಾಗ ಆಕೆಯ ಮನಸ್ಸನ್ನು ‘ಓದಿ’ ಬರೆದರೆ, ಆ ಕಾಗದವೇ ನಾಳೆ ಮಾವನ ಮನೆಯಲ್ಲಿ ಸಾಕ್ಷಿಯಾಗುತ್ತದೆ. ಬಾಯಲ್ಲಿ ಹೇಳಿದ ಮಾತು ಮರೆತುಹೋಗುತ್ತದೆ, ಬರೆದದ್ದನ್ನು ಮತ್ತೆ ಮತ್ತೆ ಓದುತ್ತಾರೆ. ಹಾಗಾಗಿ ಮೊದಲು ತಿರುಗಿ ಕೇಳಿದೆ: ಮನೆಯಲ್ಲಿ ಯಾರ್ಯಾರಿದ್ದೀರಿ? ಯಾವಾಗಿನಿಂದ ಹೀಗೆ? ಜಗಳದಲ್ಲಿ ಕೈ ಎತ್ತಿದ್ದೀರಾ? ಕೊನೆಯದಕ್ಕೆ ‘ಹೌದು’ ಅಂದಿದ್ದರೆ ಕಾರ್ಡಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಇಲ್ಲ ಅಂದರು. ಉಳಿದ ಉತ್ತರದ ಮಧ್ಯೆ ಒಂದು ಸಾಲು ಸುಮ್ನೆ ಬಂದು ಹೋಗಿತ್ತು: “ಅವ್ವ ಹಾಸಿಗಿ ಹಿಡದಾಳ, ಅದನ್ನೆಲ್ಲ ಆಕಿನೇ ನೋಡ್ಕೋತಾಳ.”

ಆಮೇಲೆ ಪ್ರಶ್ನೆ ಬದಲಿಸಿ ಅವರ ಒಪ್ಪಿಗೆ ಪಡೆದೆ: ಈ ಮೌನದಲ್ಲಿ ನನಗೆ ಕಾಣದೇ ಇರುವುದು ಏನು, ನಾನು ಏನು ಮಾಡಬಹುದು? ಒಂದೊಂದು ಕಾರ್ಡು ಇಡುವ ನಾಲ್ಕು ಜಾಗಗಳು ಏನನ್ನು ಹೇಳಬೇಕು ಅಂತ ಮೊದಲೇ ಬರೆದಿಟ್ಟುಕೊಂಡೆ: ಅವರ ಕಣ್ಣಿಗೆ ಕಾಣುವುದು, ಮನೆಯ ಮೇಲಿನ ಭಾರ, ಅವರ ಪಾಲು, ಮುಂದಿನ ಹೆಜ್ಜೆ. ಕಾರ್ಡು ಬಿದ್ದ ಮೇಲೆ ಜಾಗಕ್ಕೆ ಹೆಸರಿಟ್ಟರೆ ನಮಗೆ ಬೇಕಾದ ಕಥೆ ತಾನಾಗಿ ಹುಟ್ಟುತ್ತದೆ.

ನನ್ನದು 1909ರಲ್ಲಿ ಮೊದಲು ಬಂದ, ರೈಡರ್ ಎಂಬ ಹೆಸರಿನ ಟ್ಯಾರೋ ಕಟ್ಟು, 78 ಕಾರ್ಡು. ಮೊದಲು ಬಿದ್ದದ್ದು ಕ್ವೀನ್ ಆಫ್ ಸ್ವೋರ್ಡ್ಸ್. ನೆಟ್ಟಗೆ ಕತ್ತಿ ಹಿಡಿದ ರಾಣಿ. ಕಲ್ಲು ಮನಸ್ಸಿನ ಹೆಂಗಸು ಅಂತ ಹಲವರು ಇಲ್ಲೇ ಬರೆದುಬಿಡುತ್ತಾರೆ. ಆದರೆ ಆಕೆಯ ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ಈ ಜಾಗ ಹೆಂಡತಿಯದಲ್ಲ, ಗಂಡನ ಕಣ್ಣಿನದು. ಅದಕ್ಕೇ ‘ನಿಮಗೆ ಕತ್ತಿ ಮಾತ್ರ ಕಾಣುತ್ತಿರಬಹುದು’ ಎಂದು ಬರೆದೆ. ಎರಡನೆಯದು ಟೆನ್ ಆಫ್ ವಾಂಡ್ಸ್: ಹತ್ತು ಕೋಲು ಅಪ್ಪಿಕೊಂಡು ಬಾಗಿ ನಡೆಯುವವನು, ಮುಖ ಕೋಲುಗಳ ಹಿಂದೆ. ಅವ್ವನ ಆ ಸಾಲನ್ನು ನಾನು ತಿರುಗಿ ಓದಿದ್ದು ಆಗಲೇ.

ಮೂರನೆಯದರ ಬಳಿ ನನಗೂ ಕೈ ನಿಂತಿತು. ಎಯ್ಟ್ ಆಫ್ ಕಪ್ಸ್. ಜೋಡಿಸಿಟ್ಟ ಎಂಟು ಬಟ್ಟಲಿಗೆ ಬೆನ್ನು ಹಾಕಿ, ಚಂದ್ರನ ಬೆಳಕಲ್ಲಿ, ನೀರಿನ ಪಕ್ಕ ಒಬ್ಬ ನಡೆದು ಹೋಗುತ್ತಿದ್ದಾನೆ. ಬಿಟ್ಟು ಹೋಗುವ ಕಾರ್ಡು ಅಂದರೆ ಇದೇ. ಫೋಟೋ ಕಳಿಸಿದ್ದರೆ ಅವರು ಅರ್ಥ ಹುಡುಕಿಕೊಂಡು ಅಂದೇ ಗಾಬರಿ ಬೀಳುತ್ತಿದ್ದರು. ಆದರೆ ಬಿದ್ದದ್ದು ಅವರ ಪಾಲಿನ ಜಾಗದಲ್ಲಿ. ಕಾಲುವೆ ನೀರಿನ ಪಾಳಿ ಇದ್ದಾಗ ರಾತ್ರಿ ಹೊಲದಲ್ಲಿರುತ್ತೇನೆ, ಪಾಳಿ ಇಲ್ಲದಾಗಲೂ ಗೆಳೆಯರ ಜೊತೆ ಅಲ್ಲೇ ಕೂರುತ್ತೇನೆ ಅಂತ ಅವರೇ ಹೇಳಿದ್ದರು. ನಾನು ಬರೆದದ್ದು ಇಷ್ಟು: “ಚಿತ್ರದಲ್ಲಿ ಒಬ್ಬರು ರಾತ್ರಿ ಹೊರಗೆ ಹೋಗುತ್ತಿದ್ದಾರೆ. ರಾತ್ರಿ ಮನೆಯಲ್ಲಿರುವುದಿಲ್ಲ ಎಂದು ನೀವು ಹೇಳಿದ್ದೀರಿ. ಇವೆರಡನ್ನೂ ಜೋಡಿಸಿದ್ದು ನಾನು, ತಪ್ಪೆನಿಸಿದರೆ ಬಿಡಿ. ಮನೆಯಿಂದ ಮೊದಲು ದೂರವಾದದ್ದು ಯಾರು?” ಕಂಡದ್ದು, ಅವರು ಹೇಳಿದ್ದು, ನಾನು ಸೇರಿಸಿದ್ದು, ಮೂರನ್ನೂ ಬೇರೆ ಬೇರೆ ವಾಕ್ಯದಲ್ಲಿ ಇಡುತ್ತೇನೆ. ಒಂದೇ ವಾಕ್ಯದಲ್ಲಿ ಬೆರೆತರೆ ಎಲ್ಲವೂ ದೈವವಾಣಿಯಂತೆ ಕೇಳುತ್ತದೆ.

ಕೊನೆಗೆ ಪೇಜ್ ಆಫ್ ಕಪ್ಸ್. ಬಟ್ಟಲಿನಿಂದ ತಲೆ ಎತ್ತಿದ ಮೀನನ್ನು ಹುಡುಗ ಬೈಯದೆ, ಬೆರಗಿಲ್ಲದೆ ನೋಡುತ್ತಾನೆ. ಅದರಿಂದ ಒಂದೇ ಕೆಲಸ ಹೇಳಿದೆ. ‘ಬಿಟ್ಟು ಹೋಗ್ತೀಯೇನು’ ಅಂತ ಕೇಳಬೇಡಿ. ‘ಅವ್ವನ ಕೆಲಸದಲ್ಲಿ ಯಾವುದನ್ನ ನಾ ಮಾಡ್ಲಿ’ ಅಂತ ಕೇಳಿ, ಹೇಳಿದ್ದನ್ನು ಮಾಡಿ. ಆಕೆ ಸಿಟ್ಟಾದರೆ ಸಿಟ್ಟನ್ನೂ ಕೇಳಿಸಿಕೊಳ್ಳಿ. ನಿದ್ದೆ, ಊಟ ಬಿಟ್ಟಿದ್ದರೆ, ಅಳು ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗೋಣ ಅನ್ನಿ. ಅದು ಕಾರ್ಡಿನ ಕೆಲಸ ಅಲ್ಲ.

ಎಲ್ಲಾ ಸೇರಿ ಒಂದು ಪುಟ. ಮೇಲೆಯೇ ‘ಇದರಲ್ಲಿ ನಿಮ್ಮ ಹೆಂಡತಿಯ ಮನಸ್ಸಿನ ಮಾತಿಲ್ಲ’ ಎಂದು ಹಾಕಿದ್ದೆ. ಕಳಿಸುವ ಮುಂಚೆ ಆಕೆಯೇ ಓದಿದರೆ ಹೇಗಿರುತ್ತದೆ ಅಂತ ಒಮ್ಮೆ ಓದಿಕೊಂಡು, ಚುಚ್ಚುವಂಥ ಒಂದು ಸಾಲು ತೆಗೆದೆ.

ಅವರ ಉತ್ತರ ಬೇಗ ಬಂತು. ಆಕೆಗೆ ಬೇರೆ ಯಾರಾದರೂ ಇದ್ದಾರಾ, ಇನ್ನೊಂದು ಕಾರ್ಡು ತೆಗೀರಿ ಅಂದರು. ತೆಗೆಯಲಿಲ್ಲ. ಬೇಕಾದ ಉತ್ತರ ಬರೋವರೆಗೆ ಎಳೆಯುವುದು ಓದುವುದಲ್ಲ ಅಂದೆ. “ಅಂದ್ರ ಹೋಗಂಗಿಲ್ಲ ಅಂತಾತಲ್ರಿ?” ಅಂದರು. ಅದನ್ನೂ ನಾನು ಬರೆದಿಲ್ಲ, ಅವ್ವನ ಕೆಲಸದ ಬಗ್ಗೆ ಕೇಳಿದ್ರಾ ಅಂದೆ. ಇನ್ನೂ ಇಲ್ಲ ಅಂದರು.