ಅವಳಿಗೆ ಹೇಳಿದೆನೋ, ಅವುಗಳನ್ನು ಹೇಳಿದೆನೋ: ಇಟಾಲಿಯನ್ ಭೂತಕಾಲದ ಕೊನೆಯ ಸ್ವರ

ತೂರಿನ್‌ಗೆ ಓದಲು ಬಂದಿದ್ದ ನಮ್ಮ ಕಡೆಯ ಹುಡುಗನೊಬ್ಬನ ಎರಡು ಸೂಟ್‌ಕೇಸುಗಳಲ್ಲಿ ಒಂದು ವಿಮಾನ ಪ್ರಯಾಣದಲ್ಲಿ ಕಳೆದುಹೋಯಿತು. ನಡೆದದ್ದನ್ನು ಅವನು ಇಂಗ್ಲಿಷಿನಲ್ಲಿ ಬರೆದುಕೊಟ್ಟ. ಅದನ್ನು ಇಟಾಲಿಯನ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ಪುಟದ ಪತ್ರ, ಸರಳ ವಾಕ್ಯಗಳು. ಕಳಿಸುವ ಮೊದಲು ಪಕ್ಕದ ಮನೆಯ ಇಟಾಲಿಯನ್ ಮಹಿಳೆಗೆ ತೋರಿಸಿದೆ. ಅವರು ಐದು ಕಡೆ ಪೆನ್ಸಿಲ್ ಆಡಿಸಿದರು. ಐದೂ ಕಡೆ ಬದಲಾದದ್ದು ಕ್ರಿಯಾಪದದ ಕೊನೆಯ ಸ್ವರ. ಆ ಐದು ತಿದ್ದುಪಡಿಗಳನ್ನು ಎದುರಿಗಿಟ್ಟುಕೊಂಡು ಕೂತಾಗಲೇ ಈ ವಿಷಯ ನನಗೆ ಸರಿಯಾಗಿ ಅರ್ಥವಾದದ್ದು.

ನಿಯಮ ಚಿಕ್ಕದು. ಮಾತಿನಲ್ಲೂ ಪತ್ರದಲ್ಲೂ ನಡೆದುಹೋದದ್ದನ್ನು ಹೇಳಲು ಪಸ್ಸಾತೊ ಪ್ರೊಸ್ಸಿಮೊ ಎಂಬ ರೂಪ ಬಳಸುತ್ತಾರೆ: ಹೆಚ್ಚಿನ ಕ್ರಿಯಾಪದಗಳಿಗೆ ಅವೇರೆ ಎಂಬ ಸಹಾಯಕ ಕ್ರಿಯಾಪದ, ಅದರ ನಂತರ ಭೂತ ಕೃದಂತ. ಅವೇರೆಯ ರೂಪ 'ನಾನು' ಎಂಬುದಕ್ಕೆ 'ಒ', 'ಅವನು' ಎಂಬುದಕ್ಕೆ 'ಆ'. 'ಒ ಕೊಂಪ್ರಾತೊ' ಎಂದರೆ ಕೊಂಡೆ. ಕೊಂಡವರು ಗಂಡಾಗಲಿ ಹೆಣ್ಣಾಗಲಿ, ಕೊಂಡದ್ದು ಒಂದಾಗಲಿ ಹತ್ತಾಗಲಿ, ಕೊನೆ 'ತೊ' ಎಂದೇ ಇರುತ್ತದೆ. 'ಸೇಬು ಕೊಂಡೆ' ಎನ್ನಲು 'ಒ ಕೊಂಪ್ರಾತೊ ಲಾ ಮೇಲಾ'. ಸೇಬು ಸ್ತ್ರೀಲಿಂಗವಾದರೂ ಕೃದಂತ ಅಲುಗುವುದಿಲ್ಲ. ಆದರೆ ಆ ಸೇಬಿನ ಬದಲು 'ಅದನ್ನು' ಎಂಬ ಸರ್ವನಾಮ ಬಂದು ಕ್ರಿಯಾಪದದ ಮುಂದೆ ನಿಂತರೆ ಕೃದಂತ ಅದಕ್ಕೆ ಹೊಂದಿಕೊಳ್ಳಲೇಬೇಕು: 'ಲ'ಒ ಕೊಂಪ್ರಾತಾ'. ಪುಲ್ಲಿಂಗ ಏಕವಚನದ ಲೊ, ಸ್ತ್ರೀಲಿಂಗ ಏಕವಚನದ ಲಾ, ಪುಲ್ಲಿಂಗ ಬಹುವಚನದ ಲಿ, ಸ್ತ್ರೀಲಿಂಗ ಬಹುವಚನದ ಲೆ ಎಂಬ ನಾಲ್ಕು ಸರ್ವನಾಮಗಳಿಗೆ ಕ್ರಮವಾಗಿ ಕೊಂಪ್ರಾತೊ, ಕೊಂಪ್ರಾತಾ, ಕೊಂಪ್ರಾತಿ, ಕೊಂಪ್ರಾತೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಲೊ ಮತ್ತು ಲಾ ಎರಡೂ 'ಒ' ಮುಂದೆ ತಮ್ಮ ಸ್ವರ ಕಳೆದುಕೊಂಡು ಬರೀ ಲ್ ಆಗುತ್ತವೆ. ಬರೆಯುವುದು `l'ho`, ಕೇಳಿಸುವುದು 'ಲೊ'. ಸರ್ವನಾಮದಲ್ಲಿ ಲಿಂಗ ಅಳಿಸಿಹೋಯಿತು. ಕೊಂಡದ್ದು ಪುಲ್ಲಿಂಗದ ಪುಸ್ತಕವೋ ಸ್ತ್ರೀಲಿಂಗದ ಸೇಬೋ ಎಂದು ಕೇಳುಗನಿಗೆ ತಿಳಿಯುವುದು ಕೃದಂತದ ಕೊನೆಯಿಂದಲೇ. ಅದಕ್ಕೇ ಆ ಸ್ವರ ತಪ್ಪಿದರೆ ಇಟಾಲಿಯನ್ನರಿಗೆ ತಕ್ಷಣ ಕಿವಿಗೆ ತಾಗುತ್ತದೆ. ಲಿ, ಲೆ ಹೀಗೆ ಕುಗ್ಗುವುದಿಲ್ಲ, ಪೂರ್ತಿ ಉಳಿಯುತ್ತವೆ.

ಹಿಂದಿ ಬಲ್ಲ ಕನ್ನಡಿಗರಿಗೆ ಒಂದು ಎಚ್ಚರಿಕೆ. 'ಮೈನೆ ರೋಟೀ ಖಾಯೀ' ಎನ್ನುವಾಗ ಕ್ರಿಯಾಪದ ರೊಟ್ಟಿಯ ಲಿಂಗವನ್ನು ಹಿಡಿಯುತ್ತದೆ. ಆ ಅಭ್ಯಾಸದಲ್ಲಿ ನಾನು ಮೊದಮೊದಲು 'ಒ ಕೊಂಪ್ರಾತಾ ಲಾ ಮೇಲಾ' ಎಂದು ಬರೆಯುತ್ತಿದ್ದೆ. ಇಟಾಲಿಯನ್‌ನಲ್ಲಿ ಕ್ರಿಯಾಪದದ ನಂತರ ನಾಮಪದ ಬಂದರೆ ಹೊಂದಾಣಿಕೆ ಇಲ್ಲ. ಸರ್ವನಾಮ ಕ್ರಿಯಾಪದಕ್ಕಿಂತ ಮೊದಲು ಬಂದಾಗ ಮಾತ್ರ.

ಈಗ ಪತ್ರಕ್ಕೆ ಬರುತ್ತೇನೆ. ಹುಡುಗ ಬರೆದದ್ದು ಹೀಗೆ: ಎರಡು ಸೂಟ್‌ಕೇಸ್ ಕಟ್ಟಿದೆ. ನನ್ನ ಲಗೇಜು ಕೌಂಟರಿನವರೆಗೆ ತಂದು 'ಐ ಹ್ಯಾಂಡೆಡ್ ಇಟ್ ಓವರ್'. ನಾನು ಆ 'ಇಟ್' ನೋಡಿ ಏಕವಚನದ 'ಲ'ಒ ಕೊನ್ಸೆನ್ಯಾತೊ' ಎಂದು ಬರೆದಿದ್ದೆ. ಆದರೆ ನನ್ನ ಇಟಾಲಿಯನ್ ಪತ್ರದಲ್ಲಿ ಲಗೇಜು ಎಂಬ ಪದವೇ ಇರಲಿಲ್ಲ. ಅಲ್ಲಿದ್ದದ್ದು 'ದೂಯೆ ವಲೀಜೆ', ಎರಡು ಸೂಟ್‌ಕೇಸುಗಳು, ಸ್ತ್ರೀಲಿಂಗ ಬಹುವಚನ. ಸರಿಯಾದದ್ದು 'ಲೆ ಒ ಕೊನ್ಸೆನ್ಯಾತೆ'. ಮುಂದಿನ ವಾಕ್ಯದಲ್ಲಿ ಗುಮಾಸ್ತ ಅವನ್ನು ತೂಗಿದ. ಅಲ್ಲಿ ಸರ್ವನಾಮ ಸರಿಯಾಗಿಯೇ ಬಂದಿತ್ತು, ಕೃದಂತ ಮಾತ್ರ 'ಪೆಸಾತೊ' ಎಂದು ನಿಂತುಬಿಟ್ಟಿತ್ತು. 'ಲೆ ಆ ಪೆಸಾತೆ' ಆಗಬೇಕಿತ್ತು. ರಸೀದಿಗಳನ್ನು ಚೀಲದಲ್ಲಿಟ್ಟೆ ಎನ್ನುವಲ್ಲೂ ಅದೇ: ರಸೀದಿ ಎಂದರೆ ರಿಚೆವೂತಾ, ಬಹುವಚನ ರಿಚೆವೂತೆ, ಆದ್ದರಿಂದ 'ಲೆ ಒ ಮೆಸ್ಸೆ'.

ಮೊದಲನೆಯ ತಪ್ಪೇ ನನಗೆ ಹೆಚ್ಚು ಕಲಿಸಿದ್ದು. ಇಂಗ್ಲಿಷಿನ 'ಇಟ್' ಮತ್ತು 'ದೆಮ್' ಇಂಗ್ಲಿಷಿನ ನಾಮಪದವನ್ನು ಹಿಡಿದಿರುತ್ತವೆ, ನಾನು ಬರೆಯಬೇಕಾದ ಇಟಾಲಿಯನ್ ನಾಮಪದವನ್ನಲ್ಲ. ಇಂಗ್ಲಿಷಿನಲ್ಲಿ ಹಣ 'ಇಟ್'. ಇಟಾಲಿಯನ್‌ನಲ್ಲಿ ಮಾತಿನ ಪದ ಸೊಲ್ದಿ, ಪುಲ್ಲಿಂಗ ಬಹುವಚನ. 'ಹಣ ತಂದಿದ್ದೆ, ಖರ್ಚು ಮಾಡಿದೆ' ಎಂದರೆ 'ಲಿ ಒ ಸ್ಪೇಸಿ'. ತಲೆಕೂದಲು ಇಂಗ್ಲಿಷಿನಲ್ಲಿ ಏಕವಚನ, ಇಲ್ಲಿ ಕಪೆಲ್ಲಿ, ಬಹುವಚನ. ಪೀಠೋಪಕರಣ ಕೂಡ ಹಾಗೆಯೇ, ಮೊಬಿಲಿ. ಮೊಟ್ಟೆಯಂತೂ ಒಂದಿದ್ದಾಗ ಪುಲ್ಲಿಂಗ, ಎರಡಾದ ಕೂಡಲೇ ಸ್ತ್ರೀಲಿಂಗ: ಲ'ವೋವೊ, ಲೆ ವೋವಾ. ಮೊಟ್ಟೆಗಳನ್ನು ಒಡೆದೆ ಎನ್ನಲು 'ಲೆ ಒ ರೊತ್ತೆ'. ಆದ್ದರಿಂದ ಈಗ ಅನುವಾದಕ್ಕೆ ಕೂತಾಗ ಇಂಗ್ಲಿಷ್ ಪುಟದಲ್ಲಿ ಪ್ರತಿ 'ಇಟ್', 'ದೆಮ್' ಕೆಳಗೆ ಪೆನ್ಸಿಲ್‌ನಿಂದ ಅದು ಯಾವ ಇಟಾಲಿಯನ್ ಪದ ಎಂದು ಆರ್ಟಿಕಲ್ ಸಮೇತ ಬರೆದುಕೊಳ್ಳುತ್ತೇನೆ. ಲಾ ವಲೀಜಾ, ಇ ಸೊಲ್ದಿ, ಲೆ ರಿಚೆವೂತೆ. ಇದಕ್ಕೆ ಹಿಡಿಯುವ ಸಮಯ ಪುಟಕ್ಕೆ ಎರಡು ಮೂರು ನಿಮಿಷ. 'ಅದು ಹಾಗಾಯಿತೆಂದು ಹೇಳಿದೆ' ಎಂಬಂತೆ ಇಡೀ ಸಂಗತಿಯನ್ನು ಸೂಚಿಸುವ 'ಅದು' ಬಂದರೆ ಮಾತ್ರ ಕೆಳಗೆ ಏನೂ ಬರೆಯುವುದಿಲ್ಲ. ಅಲ್ಲಿ ಯಾವಾಗಲೂ ಪುಲ್ಲಿಂಗ: 'ಲ'ಒ ದೆತ್ತೊ'.

ನಾಲ್ಕನೆಯ ತಿದ್ದುಪಡಿ 'ಅವುಗಳಲ್ಲಿ ಒಂದು ಸಿಕ್ಕಿತು' ಎಂಬಲ್ಲಿ. ಅವುಗಳಲ್ಲಿ ಎನ್ನಲು 'ನೆ' ಬರುತ್ತದೆ. ಎಷ್ಟು ಎಂದು ಎಣಿಸುವಾಗ ಬರುವ ಈ ನೆ ಕೂಡ ಕೃದಂತವನ್ನು ಬಗ್ಗಿಸುತ್ತದೆ: 'ನೆ ಒ ರಿತ್ರೊವಾತಾ ಊನಾ'. ಅದೇ ನೆ 'ಅದರ ಬಗ್ಗೆ' ಎಂಬ ಅರ್ಥದಲ್ಲಿದ್ದರೆ ಏನೂ ಬದಲಾಗದು: ಅದರ ಬಗ್ಗೆ ಮಾತಾಡಿದೆ, 'ನೆ ಒ ಪರ್ಲಾತೊ'.

ಐದನೆಯದು ಎಲ್ಲಕ್ಕಿಂತ ಕಷ್ಟದ್ದು. ಹುಡುಗ ಕಚೇರಿಗೆ ಫೋನ್ ಮಾಡಿದಾಗ ಒಬ್ಬ ಮಹಿಳೆ ಎತ್ತಿಕೊಂಡರು. ಅವರಿಗೆ ರಸೀದಿಯ ಸಂಖ್ಯೆ ಹೇಳಿದ. ನಾನು ಬರೆದದ್ದು 'ಲೆ ಒ ದೆತ್ತೆ ಇಲ್ ನೂಮೆರೊ'. ಮುಂದೆ 'ಲೆ' ಕಂಡಿತು, ಕೊನೆಗೆ 'ತೆ' ಹಾಕಿದೆ. ಆದರೆ ಲೆ ಎಂಬ ಒಂದೇ ರೂಪಕ್ಕೆ ಎರಡು ಅರ್ಥ. ಸ್ತ್ರೀಲಿಂಗ 'ಅವುಗಳನ್ನು' ಅಥವಾ 'ಅವರನ್ನು' ಎಂಬುದು ಒಂದು, 'ಅವಳಿಗೆ' ಎಂಬುದು ಇನ್ನೊಂದು. ಹೊಂದಾಣಿಕೆ ಮೊದಲನೆಯದಕ್ಕೆ ಮಾತ್ರ. 'ಲೆ ಒ ದೆತ್ತೊ' ಎಂದರೆ ಅವಳಿಗೆ ಹೇಳಿದೆ. 'ಲೆ ಒ ದೆತ್ತೆ' ಎಂದರೆ ಅವನ್ನು, ಆ ಮಾತುಗಳನ್ನು, ಹೇಳಿದೆ. ಇಂಗ್ಲಿಷಿನ 'ಹರ್' 'ಅವಳನ್ನು', 'ಅವಳಿಗೆ' ಎರಡನ್ನೂ ಒಂದೇ ಪದದಲ್ಲಿ ಮುಚ್ಚಿಡುತ್ತದೆ. ನಮ್ಮ ಭಾಷೆ ಮುಚ್ಚಿಡುವುದಿಲ್ಲ. ಶಾಲೆಯಲ್ಲಿ ಕಲಿತ ದ್ವಿತೀಯಾ, ಚತುರ್ಥಿ ವಿಭಕ್ತಿಗಳು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತವೆ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು, 'ಅನ್ನು' ಬಂದರೆ ಹೊಂದಿಸು, 'ಗೆ' ಅಥವಾ 'ಇಗೆ' ಬಂದರೆ ಬಿಡು ಎಂದುಕೊಂಡೆ. ಅವಳನ್ನು ಕರೆದೆ: 'ಲ'ಒ ಕ್ಯಾಮಾತಾ'. ಅವಳಿಗೆ ಫೋನ್ ಮಾಡಿದೆ: 'ಲೆ ಒ ತೆಲೆಫೊನಾತೊ'. ಎಷ್ಟು ಚೆನ್ನಾಗಿ ಕೂಡಿಬಂತೆಂದು ಕೆಲವು ವಾರ ಇದನ್ನೇ ನಂಬಿದೆ.

ಆಮೇಲೆ ಅದರ ಮಿತಿ ಕಂಡಿತು. ನಾವು 'ಅವಳನ್ನು ಕೇಳಿದೆ' ಎನ್ನುತ್ತೇವೆ. ಇಟಾಲಿಯನ್‌ನಲ್ಲಿ ಕೇಳುವುದು ಅವಳಿಗೆ: 'ಲೆ ಒ ಕ್ಯೆಸ್ತೊ'. ನಾವು 'ಅವಳಿಗೆ ಸಹಾಯ ಮಾಡಿದೆ' ಎನ್ನುತ್ತೇವೆ, ಅವರು ಅವಳನ್ನು ಎನ್ನುತ್ತಾರೆ: 'ಲ'ಒ ಆಯುತಾತಾ'. ಧನ್ಯವಾದ ಹೇಳುವುದೂ ಹಾಗೆಯೇ, 'ಲ'ಒ ರಿಂಗ್ರಾತ್ಸ್ಯಾತಾ'. ಅವಳಿಗಾಗಿ ಕಾದೆ ಎಂಬುದು 'ಲ'ಒ ಅಸ್ಪೆತ್ತಾತಾ'. ಈ ನಾಲ್ಕನ್ನು ಮಡಚಿದ ಕಾಗದದಲ್ಲಿ ಬರೆದು ನಿಘಂಟಿನೊಳಗೆ ಇಟ್ಟುಕೊಂಡಿದ್ದೇನೆ. ಉಳಿದ ಕಡೆ ಕನ್ನಡದ ವಿಭಕ್ತಿ ಹೆಚ್ಚಾಗಿ ದಾರಿ ತಪ್ಪಿಸುವುದಿಲ್ಲ. ಅನುಮಾನ ಬಂದರೆ ನಿಘಂಟಿನಲ್ಲಿ ಆ ಕ್ರಿಯಾಪದದ ಮುಂದೆ `a qualcuno` ಎಂದಿದೆಯೇ ಎಂದು ನೋಡುತ್ತೇನೆ. ಇದ್ದರೆ ಅದು 'ಯಾರಿಗೋ', ಹೊಂದಾಣಿಕೆ ಬೇಡ.

ಎರಡು ಸರ್ವನಾಮ ಜೊತೆಗೆ ಬಂದಾಗ ಭಯ ಬೇಡ, 'ಏನನ್ನು' ಎಂಬುದಕ್ಕೆ ಮಾತ್ರ ಕಿವಿಗೊಡಬೇಕು. ಪ್ರತಿಗಳನ್ನು ಅವರಿಗೆ ಕೊಟ್ಟೆ: ಪ್ರತಿ ಎಂದರೆ ಕೋಪ್ಯಾ, ಸ್ತ್ರೀಲಿಂಗ. 'ಲ್ಯೆಲೆ ಒ ದಾತೆ'. ಮೊದಲ ಭಾಗ ಯಾರಿಗೆ ಎಂಬುದು, ಅವನಾಗಲಿ ಅವಳಾಗಲಿ ಅದು ಕೃದಂತವನ್ನು ಮುಟ್ಟುವುದಿಲ್ಲ. ನನ್ನನ್ನು, ನಿನ್ನನ್ನು, ನಮ್ಮನ್ನು, ನಿಮ್ಮನ್ನು ಎಂಬ ಮಿ, ತಿ, ಚಿ, ವಿ ಬಂದಾಗ ಹೊಂದಿಸುವುದೂ ಬಿಡುವುದೂ ಎರಡೂ ಸರಿ. 'ಚಿ ಆ ವಿಸ್ತೊ' ಎಂದರೂ 'ಚಿ ಆ ವಿಸ್ತಿ' ಎಂದರೂ ನಮ್ಮನ್ನು ನೋಡಿದ. ನಾನು ಒಂದು ಪತ್ರದಲ್ಲಿ ಒಂದೇ ಪದ್ಧತಿ ಇಟ್ಟುಕೊಳ್ಳುತ್ತೇನೆ.

ಬಟ್ಟೆಗಳನ್ನು ಇಲ್ಲೇ ಕೊಳ್ಳಬೇಕಾಯಿತು ಎಂಬ ವಾಕ್ಯವನ್ನು ಎರಡು ರೀತಿ ಬರೆಯಬಹುದು. ಸರ್ವನಾಮವನ್ನು ಮುಂದಿಟ್ಟರೆ 'ಲಿ ಒ ದೊವೂತಿ ಕೊಂಪ್ರಾರೆ ಕ್ವಿ', ಬೇಕಾಯಿತು ಎಂಬ ಕೃದಂತವೇ ಬಹುವಚನವಾಗುತ್ತದೆ. ಸರ್ವನಾಮವನ್ನು ಕೊನೆಯ ಕ್ರಿಯಾಪದಕ್ಕೆ ಅಂಟಿಸಿದರೆ 'ಒ ದೊವೂತೊ ಕೊಂಪ್ರಾರ್ಲಿ ಕ್ವಿ', ಹೊಂದಾಣಿಕೆಯೇ ಇಲ್ಲ. ಅರ್ಥದಲ್ಲಿ ವ್ಯತ್ಯಾಸವಿಲ್ಲ. ಔಪಚಾರಿಕ ಪತ್ರದಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ, ತಪ್ಪುವ ಅವಕಾಶ ಕಡಿಮೆ.

ಕರಡು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಹುಡುಕುವ ಪೆಟ್ಟಿಗೆ ತೆರೆದು `l'ho`, `l'ha`, `li ho`, `le ho`, `le ha`, `ne ho` ಎಂದು ಒಂದೊಂದಾಗಿ ಹಾಕುತ್ತೇನೆ. ಸಿಕ್ಕ ಪ್ರತಿ ಕಡೆ ನಿಂತು, ಪೆನ್ಸಿಲ್‌ನಲ್ಲಿ ಬರೆದ ನಾಮಪದದೊಂದಿಗೆ ಕೊನೆಯ ಸ್ವರವನ್ನು ತಾಳೆ ನೋಡುತ್ತೇನೆ. ಬೇರೆ ಯಾವ ಓದಿನಲ್ಲೂ ಸಿಗದ ತಪ್ಪುಗಳು ಇಲ್ಲಿ ಸಿಗುತ್ತವೆ.

ಹೀಗೆ ತಿದ್ದಿದ ಪತ್ರವನ್ನು ಎರಡನೆಯ ಬಾರಿ ತೋರಿಸಿದಾಗ ಆಕೆ ಒಂದೇ ಕಡೆ ಪೆನ್ಸಿಲ್ ಇಟ್ಟರು. 'ನಾನು ಕಳೆದುಕೊಂಡ ಸೂಟ್‌ಕೇಸ್' ಎನ್ನಲು ನಾನು 'ಲಾ ವಲೀಜಾ ಕೆ ಒ ಪೆರ್ಸಾ' ಎಂದು ಬರೆದಿದ್ದೆ. ಫ್ರೆಂಚ್‌ನಲ್ಲಿ ಇಂಥಲ್ಲಿ ಹೊಂದಾಣಿಕೆ ಬೇಕು. ಹಳೆಯ ಇಟಾಲಿಯನ್‌ನಲ್ಲೂ ಇತ್ತು. ಇಂದಿನ ಪತ್ರದಲ್ಲಿ 'ಕೆ' ಬಂದರೆ ಕೃದಂತ ತನ್ನ ಪಾಡಿಗೆ ಇರುತ್ತದೆ. ಆಕೆ 'ಸಾ' ಅಳಿಸಿ 'ಸೊ' ಬರೆದುಕೊಟ್ಟರು, ಪತ್ರ ಅಂದೇ ಹೋಯಿತು.