ಮನೆಯಲ್ಲೇ ಕೋವಿಡ್ ಆರೈಕೆ: ಆಕ್ಸಿಮೀಟರ್ ಅಂಕಿಯನ್ನು ನಂಬುವ ಮೊದಲು

ಕೋವಿಡ್ ತಗುಲಿದ ವಯಸ್ಕರಲ್ಲಿ ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ಗಾಳಿಯಾಡುವ ಪ್ರತ್ಯೇಕ ಕೋಣೆ, ವಿಶ್ರಾಂತಿ, ಸಾಕಷ್ಟು ನೀರು, ಗಂಜಿ, ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್, ಇಷ್ಟನ್ನು ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಆಕ್ಸಿಮೀಟರ್ ಬಳಸುವಾಗ. ಉಸಿರು ಕಟ್ಟಿದಂತೆ ಅನ್ನಿಸುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಕೋವಿಡ್‌ನಲ್ಲಿ ಅದು ಏರದೆಯೇ ಆಮ್ಲಜನಕ ಮಾತ್ರ ಇಳಿಯಬಹುದಾದ್ದರಿಂದ, ಕುಳಿತು ಮಾತನಾಡುತ್ತಿರುವ ರೋಗಿಗೂ ಅಪಾಯ ಗೊತ್ತಾಗದಿರಬಹುದು. ಲಕ್ಷಣ ಶುರುವಾದ ಐದನೆಯ ದಿನದಿಂದ ಹತ್ತನೆಯ ದಿನದವರೆಗೆ ಈ ಎಚ್ಚರ ಹೆಚ್ಚು ಬೇಕು.

ಮೊದಲು ಉಗುರುಬಣ್ಣ ಅಳಿಸಿ. ಮದರಂಗಿ ಹಚ್ಚಿದ ಬೆರಳನ್ನು ಬಿಟ್ಟು ಬೇರೆಯದನ್ನು ಆರಿಸಿ. ರೋಗಿ ಐದು ನಿಮಿಷ ಸುಮ್ಮನೆ ಕುಳಿತಿರಲಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಏಕೆಂದರೆ ಉಪಕರಣವು ಬೆರಳಿನ ಮೂಲಕ ಬೆಳಕು ಹಾಯಿಸಿ, ಅಲ್ಲಿ ಮಿಡಿಯುವ ರಕ್ತದಿಂದ ಲೆಕ್ಕ ಹಾಕುತ್ತದೆ. ರಕ್ತ ಹರಿಯದ ಬೆರಳು ತಪ್ಪು ಅಂಕಿಯನ್ನೇ ಕೊಡುತ್ತದೆ. ಮಧ್ಯದ ಅಥವಾ ತೋರುಬೆರಳನ್ನು ಉಗುರು ಮೇಲೆ ಬರುವಂತೆ ಕೊನೆಯವರೆಗೂ ತೂರಿಸಿ, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡದಂತೆ ಇರಿಸಿ. ಅದೇ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿರಬಾರದು.

ಸಿಕ್ಕಿಸಿದ ಕೂಡಲೇ ಕಾಣುವ ಅಂಕಿಯನ್ನು ಬರೆದುಕೊಳ್ಳುವುದೇ ಜನ ಮಾಡುವ ದೊಡ್ಡ ತಪ್ಪು. ಕನಿಷ್ಠ ಒಂದು ನಿಮಿಷ ಕಾದು, ಐದು ಸೆಕೆಂಡಾದರೂ ಬದಲಾಗದೆ ನಿಂತ ಅಂಕಿಯನ್ನು ಮಾತ್ರ ಬರೆಯಿರಿ. ಪರದೆಯಲ್ಲಿ SpO2 ಎಂದಿರುವುದು ಆಮ್ಲಜನಕ, PR ಎಂದಿರುವುದು ನಾಡಿಬಡಿತ. ಇವೆರಡನ್ನು ಅದಲುಬದಲು ಮಾಡಿ ಗಾಬರಿಯಾಗುವವರು ಬಹಳ. ಪರದೆಯನ್ನು ತಲೆಕೆಳಗಾಗಿ ನೋಡಿದರೆ 98 ಎಂಬುದು 86 ಆಗಿ ಕಾಣುತ್ತದೆ ಎಂಬುದೂ ನೆನಪಿರಲಿ. ಅಂಕಿ ನಂಬಲರ್ಹವೇ ಎಂದು ತಿಳಿಯಲು, ಮಣಿಕಟ್ಟಿನಲ್ಲಿ ನಾಡಿಯನ್ನು ಒಂದು ನಿಮಿಷ ಎಣಿಸಿ PR ಜೊತೆ ಹೋಲಿಸಿ. ಎರಡೂ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ. ಕೊಳ್ಳುವುದಾದರೆ ನಾಡಿಯ ಅಲೆಯನ್ನೂ ತೋರಿಸುವ ಉಪಕರಣವನ್ನೇ ಕೊಳ್ಳಿ. ಬೆರಳಿನ ಬದಲು ಪೆನ್ಸಿಲ್ ಇಟ್ಟರೂ ಅಂಕಿ ತೋರಿಸುವ ನಕಲಿ ಉಪಕರಣಗಳು ಮಾರುಕಟ್ಟೆಗೆ ಬಂದಿದ್ದವು. ಮೊಬೈಲ್ ಕ್ಯಾಮೆರಾದಿಂದ ಆಮ್ಲಜನಕ ಅಳೆಯುತ್ತೇವೆನ್ನುವ ಆ್ಯಪ್‌ಗಳನ್ನಂತೂ ಬಳಸಲೇಬೇಡಿ. ಕಪ್ಪು ಮೈಬಣ್ಣದವರಲ್ಲಿ ಒಳ್ಳೆಯ ಉಪಕರಣವೂ ಕೆಲವೊಮ್ಮೆ ನಿಜಕ್ಕಿಂತ ಹೆಚ್ಚು ತೋರಿಸಬಹುದಾದ್ದರಿಂದ, ಒಂದು ಅಂಕಿಗಿಂತ ದಿನದಿಂದ ದಿನಕ್ಕೆ ಅದು ಇಳಿಯುತ್ತಿದೆಯೇ ಎಂಬುದು ಮುಖ್ಯ. ದಿನಕ್ಕೆ ಮೂರು ಬಾರಿ ಅಳೆದು, ಸಮಯದೊಂದಿಗೆ ಬರೆದಿಡಿ.

ಒಂದು ಉದಾಹರಣೆ ನೋಡೋಣ. ಸಕ್ಕರೆ ಕಾಯಿಲೆಯಿರುವ 58 ವರ್ಷದ ಒಬ್ಬರಿಗೆ ಜ್ವರದ ಆರನೆಯ ದಿನ ಬೆಳಿಗ್ಗೆ 96 ಇತ್ತು. ಸಂಜೆ ನೋಡಿದರೆ 89, ನಾಡಿ 52. ಆದರೆ ಮಣಿಕಟ್ಟಿನಲ್ಲಿ ಎಣಿಸಿದರೆ ನಾಡಿ 92. ಕೈ ತಣ್ಣಗಿದೆಯೆಂದು ಉಜ್ಜಿ ಬೆಚ್ಚಗಾಗಿಸಿ ಮತ್ತೆ ಹಾಕಿದಾಗ ಆಮ್ಲಜನಕ 95, ನಾಡಿ 92 ಎಂದು ನಿಂತಿತು. ಇಲ್ಲಿಗೆ ನೆಮ್ಮದಿಪಡುವಂತಿಲ್ಲ. ಆಕ್ಸಿಮೀಟರ್ ಬೆರಳಿನಲ್ಲೇ ಇಟ್ಟುಕೊಂಡು, ಜೊತೆಗೊಬ್ಬರು ಇರುವಂತೆ, ಕೋಣೆಯ ಸಮತಟ್ಟಾದ ನೆಲದಲ್ಲಿ ಆರು ನಿಮಿಷ ನಡೆಸಿ ನೋಡಬೇಕು. ಅವರು ನಡೆದಾಗ ಅದು 91ಕ್ಕೆ ಇಳಿಯಿತು. ನಡೆದ ಮೇಲೆ 94ಕ್ಕಿಂತ ಕೆಳಗಿಳಿದರೆ, ಇಲ್ಲವೇ ಮೂರಕ್ಕಿಂತ ಹೆಚ್ಚು ಕುಸಿದರೆ, ಅಂದೇ ವೈದ್ಯರಲ್ಲಿಗೆ ಹೋಗಬೇಕು. ಇವರಿಗೆ ಎರಡೂ ಆಗಿತ್ತು. ಕುಳಿತಾಗಲೇ 94ಕ್ಕಿಂತ ಕಡಿಮೆ ಇರುವವರಿಗೆ, ಏದುಸಿರು ಬಿಡುತ್ತಿರುವವರಿಗೆ ಈ ಪರೀಕ್ಷೆ ಬೇಡ. ನಡೆಯುವಾಗ ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ.

ವಿಶ್ರಾಂತಿಯಲ್ಲಿದ್ದಾಗ, ಒಂದು ಗಂಟೆಯೊಳಗೆ ಮೂರು ಬಾರಿ ಸರಿಯಾಗಿ ಅಳೆದರೂ 93 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆಸ್ಪತ್ರೆಗೆ ಹೋಗಬೇಕು. 90ಕ್ಕಿಂತ ಕೆಳಗೆ ಬಂದು ನಾಡಿಯೂ ಹೊಂದುತ್ತಿದ್ದರೆ ಗಂಟೆ ಕಾಯದೆ ಆಂಬುಲೆನ್ಸ್ ಕರೆಸಿ. ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರ ಅಂಕಿ ಮಾಮೂಲಿಯಾಗಿಯೇ ಕಡಿಮೆಯಿರಬಹುದು. ಅವರು ತಮ್ಮ ಮಿತಿಯನ್ನು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು.

ಅಂಕಿ ಚೆನ್ನಾಗಿದ್ದರೂ ಹೊರಡಬೇಕಾದ ಸಂದರ್ಭಗಳಿವೆ: ಬಿಡದ ಎದೆನೋವು ಅಥವಾ ಎದೆಯ ಬಿಗಿತ, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು, ಮಾತಿನಲ್ಲಿ ಗೊಂದಲ, ಎಬ್ಬಿಸಿದರೂ ಎಚ್ಚರವಾಗದಿರುವುದು, ತುಟಿ ನೀಲಿಗಟ್ಟುವುದು. ಮೂರು ದಿನ ದಾಟಿದರೂ ಇಳಿಯದ ಜ್ವರವಿದ್ದರೂ ವೈದ್ಯರಿಗೆ ತೋರಿಸಿ. ಉಸಿರಾಟವನ್ನೂ ಎಣಿಸಿ. ನಾಡಿ ನೋಡುವ ನೆಪದಲ್ಲಿ ಕೈ ಹಿಡಿದು, ರೋಗಿಗೆ ಹೇಳದೆ ಒಂದು ನಿಮಿಷ ಎದೆಯ ಏರಿಳಿತ ಲೆಕ್ಕ ಹಾಕಿದರೆ ಸರಿಯಾದ ಸಂಖ್ಯೆ ಸಿಗುತ್ತದೆ. 24 ದಾಟಿದರೆ ಅದೂ ಅಪಾಯದ ಸೂಚನೆಯೇ.

ಆಮ್ಲಜನಕ ಚೆನ್ನಾಗಿರುವಾಗ, ಯಾರೋ ಕಳುಹಿಸಿದ ಹಳೆಯ ಚೀಟಿ ನೋಡಿ ಸ್ಟಿರಾಯ್ಡ್ ಮಾತ್ರೆ ನುಂಗಬೇಡಿ. ಅದು ಉಪಯುಕ್ತವೆಂದು ಕಂಡುಬಂದಿರುವುದು ಆಮ್ಲಜನಕ ಕೊಡಬೇಕಾದ ರೋಗಿಗಳಲ್ಲಿ. ಉಳಿದವರಿಗೆ ಪ್ರಯೋಜನವಿಲ್ಲ, ಮೇಲಾಗಿ ರಕ್ತದ ಸಕ್ಕರೆ ಏರುತ್ತದೆ.

ಕರ್ನಾಟಕದಲ್ಲಿ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ, ರೋಗಿಯ ವಯಸ್ಸು, ಎಷ್ಟನೆಯ ದಿನ, ಈಗಿನ ಆಮ್ಲಜನಕದ ಅಂಕಿ ಇಷ್ಟನ್ನು ಮೊದಲು ಹೇಳಿ. ವಾಹನ ಬರುವವರೆಗೆ, ಪೂರ್ಣ ಎಚ್ಚರವಿರುವ ರೋಗಿ ಬೋರಲಾಗಿ ಮಲಗಿದರೆ ಆಮ್ಲಜನಕ ತುಸು ಏರಬಹುದು. ಗರ್ಭಿಣಿಯರು ಹೀಗೆ ಮಲಗದೆ ಎಡಮಗ್ಗುಲಿಗೆ ತಿರುಗಿ ಮಲಗಲಿ. ಅಂಕಿ ಏರಿತೆಂದು ಆಂಬುಲೆನ್ಸನ್ನು ಹಿಂದೆ ಕಳುಹಿಸಬೇಡಿ. ಬರೆದಿಟ್ಟ ಹಾಳೆಯನ್ನೂ ದಿನನಿತ್ಯದ ಮಾತ್ರೆಗಳನ್ನೂ ಜೊತೆಗೆ ತೆಗೆದುಕೊಂಡು ಹೊರಡಿ.