ಬ್ಯಾಂಕಿನ ಅಧಿಕಾರಿಯನ್ನು ಸಂಘಕ್ಕೆ ನಾನು ಪರಿಚಯಿಸುವ ರೀತಿ

ನಾನು ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ. ಬ್ಯಾಂಕಿನವರು ಬರುತ್ತಾರೆ ಎಂದರೆ ಸಂಘದಲ್ಲಿ ಎರಡು ಸುದ್ದಿ ಹಬ್ಬುತ್ತವೆ: ಸಾಲ ವಸೂಲಿಗೆ ಬರುತ್ತಿದ್ದಾರೆ, ಇಲ್ಲವೇ ಸಾಲ ಕೊಡಲು ಬರುತ್ತಿದ್ದಾರೆ. ಎರಡನ್ನೂ ತಿಳಿಗೊಳಿಸುವುದೇ ಪರಿಚಯದ ಮೊದಲ ಕೆಲಸ ಎಂದು ನಾನು ನಂಬಿದ್ದೇನೆ.

ಹಿಂದಿನ ದಿನವೇ ಅಧಿಕಾರಿಗೆ ಫೋನ್ ಮಾಡಿ, ಶಾಖೆಯಲ್ಲಿ ಅವರು ನೋಡುವ ಕೆಲಸ ಯಾವುದು, ಈ ಭೇಟಿ ಯಾತಕ್ಕೆ, ಎಷ್ಟು ಹೊತ್ತು ಇರುತ್ತಾರೆ ಎಂದು ಕೇಳಿಕೊಳ್ಳುತ್ತೇನೆ. 'ಮುಂಗಡ ವಿಭಾಗ' ಎಂದರೆ ನಮ್ಮ ಅಕ್ಕಂದಿರಿಗೆ ಏನೂ ಹೊಳೆಯುವುದಿಲ್ಲ. ಅವರು ಕೂರುವ ಮೇಜು ಯಾವುದೆಂದು ಹೇಳಿದರೆ ತಕ್ಷಣ ತಿಳಿಯುತ್ತದೆ.

ಕಳೆದ ಸಲ ಸದಸ್ಯರೆಲ್ಲ ಅಂಗನವಾಡಿಯಲ್ಲಿ ಸುತ್ತಲೂ ಕುಳಿತಿದ್ದರು. ವಾರದ 50 ರೂಪಾಯಿ ಉಳಿತಾಯ ಕಟ್ಟಿ ಪಾಸ್ ಪುಸ್ತಕದಲ್ಲಿ ಬರೆಸುವುದು ಮುಗಿಯುವವರೆಗೂ ನಾನು ಪರಿಚಯಕ್ಕೆ ಹೋಗಲಿಲ್ಲ. ಸಂಘದ ಲೆಕ್ಕ ನಡೆಯುವುದನ್ನು ಅಧಿಕಾರಿ ಕಣ್ಣಾರೆ ಕಾಣಲಿ ಎಂಬುದು ನನ್ನ ಆಸೆ. ಆಮೇಲೆ ಅವರ ಹೆಸರು ಹೇಳಿ ಮುಂದುವರಿಸಿದೆ:

"ಅಕ್ಕಂದಿರೇ, ನಮ್ಮ ಖಾತೆ ಇರುವ ಶಾಖೆಯಲ್ಲೇ ಸರ್ ಕೆಲಸ ಮಾಡುತ್ತಾರೆ. ಒಳಗೆ ಹೋದರೆ ಎಡಗಡೆ ಎರಡನೆಯ ಮೇಜು. ಸಂಘಗಳ ಸಾಲದ ಅರ್ಜಿ ನೋಡುವುದು ಇವರೇ. ಇವತ್ತು ನಮ್ಮ ಪುಸ್ತಕ ನೋಡಲು, ನಮ್ಮ ಜೊತೆ ಮಾತನಾಡಲು ಬಂದಿದ್ದಾರೆ. ಇವತ್ತು ಹಣ ಕೇಳುವುದಿಲ್ಲ, ಸಾಲ ಮಂಜೂರು ಮಾಡುವುದೂ ಇಲ್ಲ. ಅರ್ಧ ಗಂಟೆ ಇರುತ್ತಾರೆ. ಏನಿದ್ದರೂ ಕೇಳಿ."

ಇಷ್ಟೇ. ಹಾರ, ಶಾಲು, 'ಮಾನ್ಯರು' ಎಂಬ ಮಾತು ಬಂದರೆ ಹೆಂಗಸರು ಸೆರಗು ಎಳೆದುಕೊಂಡು ಸುಮ್ಮನಾಗುತ್ತಾರೆ, ಸಂಘದ ಪ್ರತಿನಿಧಿಯೊಬ್ಬರೇ ಉತ್ತರ ಕೊಡುತ್ತಾರೆ. ಅಂಥ ಸಭೆಯಿಂದ ಅಧಿಕಾರಿಗೂ ಏನೂ ತಿಳಿಯುವುದಿಲ್ಲ.

ಅವರ ಕಡೆ ತಿರುಗಿ ಸಂಘದ ಪರಿಚಯವನ್ನೂ ಮಾಡಿಸುತ್ತೇನೆ, ಆದರೆ ನನ್ನ ಬಾಯಿಂದಲ್ಲ. ಪ್ರತಿನಿಧಿ ಸದಸ್ಯರ ಸಂಖ್ಯೆ, ಒಟ್ಟು ಉಳಿತಾಯ ಹೇಳುತ್ತಾರೆ. ಸಂಘದ ಹಣದಿಂದಲೇ ಒಳಸಾಲ ಪಡೆದ ಒಬ್ಬರು ತಮ್ಮ ಕಥೆ ಹೇಳುತ್ತಾರೆ. ಆ ದಿನ ಒಬ್ಬ ಅಕ್ಕ, "ಹೊಲಿಗೆ ಯಂತ್ರಕ್ಕೆ 8,000 ತೆಗೆದುಕೊಂಡೆ. ಎರಡು ಕಂತು ತಪ್ಪಿತ್ತು, ಈಗ ಕಟ್ಟಿದ್ದೇನೆ" ಎಂದರು. ತಪ್ಪಿದ ಕಂತನ್ನೂ ಹೇಳಿದ್ದರಿಂದ ಅಧಿಕಾರಿ ಪುಸ್ತಕದಲ್ಲಿ ಆ ಪುಟವನ್ನೇ ತೆರೆಸಿ ನೋಡಿದರು. ಲೆಕ್ಕ ಸರಿಯಿತ್ತು.

"ತಿಳಿಯಿತೇ?" ಎಂದು ನಾನು ಕೇಳುವುದಿಲ್ಲ, ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ತಡವಾಗಿ ಬಂದ ಸದಸ್ಯೆಗೆ, ಸರ್ ಯಾತಕ್ಕೆ ಬಂದಿದ್ದಾರೆಂದು ಪಕ್ಕದವರಿಂದ ಹೇಳಿಸುತ್ತೇನೆ. "ಸಾಲ ಕೊಡಲು" ಎಂಬ ಉತ್ತರ ಬಂದರೆ, ಇನ್ನೊಮ್ಮೆ ಹೇಳಬೇಕೆಂದು ಗೊತ್ತಾಗುತ್ತದೆ.

ಒಂದು ಮಾತನ್ನು ಮಾತ್ರ ಅಧಿಕಾರಿಗೇ ಬಿಡುತ್ತೇನೆ. ಸಂಘಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮವನ್ನು ಅವರೇ ಹೇಳಲಿ ಎಂದು ಮೊದಲೇ ವಿನಂತಿಸಿಕೊಂಡಿರುತ್ತೇನೆ. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳುತ್ತೇನೆ.